ಮೂವತ್ನಾಲ್ಕರ ಸೊಂಟಕ್ಕೆ ಮೀಸೆಯೇ ಪಣ

ಕುದೇರಿನ ಗಂಗಾಧರಸ್ವಾಮಿಯವರ ಸೊಂಟ ಮದುವೆಯಾದಂದಿನಿಂದ ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಬೆಟ್ಟಗಳು ಸವೆದವು, ಕೆರೆಗಳು ಹೂಳು ತುಂಬಿಕೊಂಡವು, ಅವರದು ಮಾತ್ರ ಮೂವತ್ನಾಲ್ಕು. ಹೀಗೆಂದು ಹೇಳಿದವರು ಅವರೇ. ಅರಿಶಿನದ ವ್ಯಾಪಾರಕ್ಕೆ ಚಾಮರಾಜನಗರಕ್ಕೆ ಹೋದಾಗಲೆಲ್ಲ ಹೋಟೆಲಿನಲ್ಲಿ ಪ್ಯಾಂಟಿನ ಪಟ್ಟಿ ಮಡಚಿ ಒಳಗಿನ ನಂಬರು ತೋರಿಸುವರು. ಅವರು ಕೂತರೆ ಬೆಂಚಿನ ಆಚೆ ತುದಿಯವರು ಅರ್ಧ ಅಡಿ ಮೇಲೇಳುತ್ತಿದ್ದರು. ಅದು ಬೆಂಚಿನ ದೋಷ.

ಗುಂಡ್ಲುಪೇಟೆಯಲ್ಲಿ ರೆಡಿಮೇಡ್ ಅಂಗಡಿ ಇಟ್ಟಿದ್ದ ಬಾಮೈದ ದಿಲೀಪ ಒಮ್ಮೆ ನಕ್ಕಿದ್ದಕ್ಕೆ, ಮೂವತ್ನಾಲ್ಕು ದಾಟಿದ್ದರೆ ಮೀಸೆ ಬೋಳಿಸುತ್ತೇನೆಂದು ನೆಂಟರೆದುರೇ ಪಣ ಕಟ್ಟಿಬಿಟ್ಟರು. ಸಾಮಾನ್ಯ ಮೀಸೆಯಲ್ಲ ಅದು. ತಿರುವಿನಲ್ಲಿ ಎದುರು ಬಸ್ಸುಗಳು ಅದಕ್ಕೆ ಹೆದರಿ ದಾರಿ ಬಿಡುತ್ತಿದ್ದವು.

ದಿಲೀಪನ ಮಗಳು ರೂಪಶ್ರೀಯ ನಿಶ್ಚಿತಾರ್ಥ ಬಂತು. ಭಾವನಿಗೆ ಬಟ್ಟೆ ಕೊಡುವುದು ಬಾಮೈದನ ಪದ್ಧತಿ. ಹೆಂಡತಿ ನಾಗಲಕ್ಷ್ಮಿಯೊಂದಿಗೆ ಅಂಗಡಿಗೆ ಬಂದ ಸ್ವಾಮಿಯವರು ತಾವು ಯಾವಾಗಲೂ ಕೊಳ್ಳುವ ಕಂಪನಿಯದನ್ನು ಬಿಟ್ಟು ಬೇರೊಂದು ಕಂಪನಿಯ ಮೂವತ್ನಾಲ್ಕನ್ನು ಹಿಡಿದು ಟ್ರಯಲ್ ರೂಮು ಹೊಕ್ಕರು. ಒಳಗೆ ಗೋಡೆ ಅದುರಿತು, ಕನ್ನಡಿ ನರಳಿತು. ಪ್ಯಾಂಟು ತೊಡೆಯಿಂದ ಮೇಲೆ ಬರಲೊಲ್ಲದು.

ಹಳೆಯ ಪ್ಯಾಂಟನ್ನೇ ಮತ್ತೆ ಹಾಕಿಕೊಂಡು ಹೊರಬಂದು, ಇದರ ನಂಬರೇ ಸುಳ್ಳೆಂದು ಗದರಿದರು. ದಿಲೀಪ ಅವರಿಗೊಂದು ಪಂಚೆ ಉಡಿಸಿ ಎರಡೂ ಪ್ಯಾಂಟುಗಳನ್ನು ಗುಂಡಿ ಹಾಕಿ ಮೇಜಿನ ಮೇಲೆ ಹಾಸಿದ. ಹೊಸದರ ಸೊಂಟದ ಅಗಲ ಹದಿನೇಳು ಇಂಚು, ಸುತ್ತಳತೆ ಮೂವತ್ನಾಲ್ಕು. ಹಳೆಯದರ ಅಗಲ ಹತ್ತೊಂಬತ್ತು, ಸುತ್ತಳತೆ ಮೂವತ್ತೆಂಟು. ಒಳಗಿನ ನಂಬರು ಎರಡರಲ್ಲೂ ಒಂದೇ.

ಎಲ್ಲ ಕಂಪನಿಗಳೂ ಪಾಲಿಸಲೇಬೇಕಾದ ಒಂದೇ ಅಳತೆಯಿಲ್ಲ ಎಂದ ದಿಲೀಪ. ಒಬ್ಬೊಬ್ಬರು ಒಂದೊಂದು ಮಾದರಿ ಮೈಗೆ ಕತ್ತರಿಸುತ್ತಾರೆ, ಸಡಿಲ ಬಿಡುವುದೂ ಅವರವರ ಇಷ್ಟ. ಕೆಲವರಂತೂ ಗಿರಾಕಿ ಖುಷಿಪಡಲೆಂದು ನಂಬರು ಹಾಗೇ ಇಟ್ಟು ಬಟ್ಟೆಯನ್ನು ಹಿಗ್ಗಿಸುತ್ತಾ ಹೋಗುತ್ತಾರೆ. ವ್ಯಾನಿಟಿ ಸೈಜಿಂಗ್ ಅಂದರೆ ಅದೇ.

"ನೀವು ದಪ್ಪ ಆದಂಗೆಲ್ಲ ನಿಮ್ ಕಂಪ್ನಿಯೋರು ಪ್ಯಾಂಟೂ ದಪ್ಪ ಮಾಡ್ತಾ ಬಂದವ್ರೆ ಭಾವ. ನಂಬರು ಮಾತ್ರ ಮುಟ್ನಿಲ್ಲ."

ನಾಗಲಕ್ಷ್ಮಿ ನಗು ತಡೆಯಲಾಗದೆ ಸೀರೆಗಳ ರಾಶಿಯ ಮೇಲೆ ಒರಗಿದರು. "ಇಪ್ಪತ್ತೈದು ವರ್ಸ ಹಿಟ್ಟು ಬೇಯ್ಸಿ ಆಕಿದ್ದು ಎಲ್ಲೋಯ್ತು ಅಂತಿದ್ದೆ" ಅಂದರು.

ದಿಲೀಪ ಹೊಸ ಕಂಪನಿಯದೇ ಮೂವತ್ತೆಂಟು ಕೊಟ್ಟ. ಹೇಳಿ ಹೊಲಿಸಿದಂತೆ ಕೂತಿತು. ಆಮೇಲೆ ಟೇಪನ್ನು ಅವರ ಸೊಂಟಕ್ಕೇ ಸುತ್ತಿ, ಮೂವತ್ತೆಂಟನ್ನು ಬೆರಳಲ್ಲಿ ಒತ್ತಿ ತೋರಿಸಿ, ಕತ್ತರಿಯನ್ನು ಮೀಸೆಯ ಹತ್ತಿರ ತಂದ.

"ಈಗೇನಂತೀರಿ ಭಾವ?"

ಸ್ವಾಮಿಯವರು ಟೇಪನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ, ಹಿಂದೆ ಮುಂದೆ ನೋಡಿದರು. ಆಮೇಲೆ ಮೀಸೆ ತಿರುವಿದರು.

"ಕತ್ರಿ ಕೆಳಗಿಡ್ಲಾ. ಇನ್ಮೇಲೆ ಟೇಪನ್ನೂ ಒಳ್ಳೆ ಕಂಪ್ನೀದು ನೋಡಿ ತಕ್ಕೊ. ಅದ್ರಲ್ಲಿ ನಂದು ಮೂವತ್ನಾಲ್ಕೇ ಬತ್ತದೆ."