ಪೇಪರಿನ ಡಾಲರು

ನಮ್ಮ ಅಕ್ಕನ ಮನೆಗೆ ಬರುವ ಪೇಪರನ್ನು ಮಧ್ಯಾಹ್ನದ ಮೇಲೆ ನಾನು ಓದುತ್ತೇನೆ. ಜಮಖಂಡಿಯಲ್ಲಿ ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ. ಆ ವರ್ಷ ಏಪ್ರಿಲ್‌ನಿಂದ ಪೇಪರು ನನ್ನ ಕೈಗೆ ತೂತು ಬಿದ್ದು ಬರತೊಡಗಿತು. ವಾಣಿಜ್ಯ ಪುಟದ ಕೆಳಗಿನ ಮೂಲೆಯಲ್ಲಿ ಬಂಗಾರ, ಬೆಳ್ಳಿ, ಡಾಲರ್ ಅಂತ ಎರಡು ಬೆರಳಗಲದ ಚೌಕ ಇರುತ್ತದಲ್ಲ, ಅದನ್ನು ಅಕ್ಕನ ಗಂಡ ಬ್ಲೇಡಿನಿಂದ ಕತ್ತರಿಸಿ ಹಳೆಯ ಡೈರಿಗೆ ಅಂಟಿಸುತ್ತಿದ್ದರು. ಅದರ ಬೆನ್ನಿಗೆ ಪದಬಂಧ ಇರುತ್ತಿತ್ತು. ಆರು ತಿಂಗಳು ನಾನು ಒಂದು ಪದಬಂಧವನ್ನೂ ಪೂರ್ತಿ ಮಾಡಲಿಲ್ಲ.

ಅವರು ಬೀಳಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅನಗವಾಡಿ ಕಡೆಯ ರೈತರು ಹೊಲದ ಒಂದು ಪಹಣಿ ಉತಾರ ಕೇಳಲು ಬಂದರೆ ತಲೆ ಎತ್ತದೆ "ನಾಳೆ ಬರ್ರಿ" ಎನ್ನುವುದು ಅವರ ಸರ್ವಿಸ್‌ನ ಮುಕ್ಕಾಲು ಪಾಲು ಕೆಲಸ. ಉಳಿದ ಕಾಲು ಪಾಲು, ಮರುದಿನ ಬಂದವರಿಗೆ ಯಾಕೆ ಬಂದಿರಿ ಎಂದು ಕೇಳುವುದು. ಈಗ ಅದೇ ಮಾತನ್ನು ಡಾಲರಿಗೆ ಹೇಳುತ್ತಿದ್ದರು.

ಡಾಲರು ಬೇಕಾಗಿದ್ದು ಕೈಲಾಸಕ್ಕೆ. ಅಕ್ಕ, ಅವರು, ನಾನು, ಮೂವರೂ ಸೆಪ್ಟೆಂಬರ್‌ನಲ್ಲಿ ಹೊರಡುವ ತಂಡವೊಂದರಲ್ಲಿ ಹೆಸರು ಹಚ್ಚಿದ್ದೆವು. ಕಠ್ಮಂಡುವಿನಿಂದ ಟಿಬೆಟ್ಟಿಗೆ ಹೋಗುವ ದಾರಿ. ಪ್ರವಾಸದ ದುಡ್ಡನ್ನು ರೂಪಾಯಿಯಲ್ಲೇ ಕಟ್ಟಿಯಾಗಿತ್ತು. ಅದಲ್ಲದೆ ತಲೆಗೆ ಎಂಟುನೂರು ಡಾಲರಿನ ನೋಟು ಕೈಯಲ್ಲಿರಲಿ ಎಂದು ತಂಡದವರು ಪತ್ರ ಬರೆದಿದ್ದರು. ಅಲ್ಲಿ ಅದನ್ನು ಚೀನಾದ ದುಡ್ಡಿಗೆ ಬದಲಿಸಿಕೊಂಡು ಕುದುರೆ ಹಿಡಿಯಬೇಕು. ಪರಿಕ್ರಮೆ ಮೂರು ದಿನದ್ದು.

ಅಕ್ಕ ಏಳು ಸಲ ಶ್ರೀಶೈಲಕ್ಕೆ ನಡೆದಾಕೆ. ಎಂಟನೇ ಸಲ ಹೊರಟಾಗ ಮುಧೋಳ ದಾಟುವುದರೊಳಗೆ ಮೊಣಕಾಲು ಬಾತು ಕೂತುಬಿಟ್ಟಳು. ಏರು ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಕುದುರೆ ಇದ್ದರೆ ಅವಳಿಗೆ ಕೈಲಾಸದ ಸುತ್ತು ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ಸರಳ ಸಂಗತಿ ಮನೆಯಲ್ಲಿ ಇಬ್ಬರಿಗೆ ತಿಳಿದಿತ್ತು. ಮೂರನೆಯವರಿಗೆ ಚೌಕ ಮಾತ್ರ ಕಾಣುತ್ತಿತ್ತು.

ಮೇ ತಿಂಗಳಲ್ಲಿ ಆ ಚೌಕದಲ್ಲಿ ಎಂಬತ್ನಾಲ್ಕೂವರೆ ಇತ್ತು.

"ತಗೊಂಡಬಿಡೂಣ ಅಲ್ರೀ?" ಎಂದಳು ಅಕ್ಕ, ಕುಚ್ಚು ಕಟ್ಟುತ್ತಿದ್ದ ಸೀರೆಯಿಂದ ತಲೆ ಎತ್ತದೆ. ಬನಹಟ್ಟಿ ಅಂಗಡಿಯವರು ಕಳಿಸುವ ಸೀರೆಗಳ ಸೆರಗಿಗೆ ಕುಚ್ಚು ಕಟ್ಟಿ ಅವಳು ತನ್ನದೇ ಖಾತೆಯಲ್ಲಿ ಒಂದಿಷ್ಟು ಕೂಡಿಸಿದ್ದಳು.

"ನಿನಗ ತಿಳಿಯೂದಿಲ್ಲ ಸುಮ್ಕಿರು. ಎಂಬತ್ತಮೂರಕ್ಕ ಬರತೈತಿ. ಬಂದಾಗ ಹೊಡಿಯೂದು."

"ಬರಲಿಲ್ಲಂದ್ರ?"

"ಬರತೈತಿ ಅಂದ್ನೆಲ್ಲ!"

ನಾನು ಸಾಲಿಯಲ್ಲಿ ನಾಲ್ಕನೇ ಇಯತ್ತೆಗೆ ಗಣಿತ ಕಲಿಸುವಾಕೆ. ಮೂವರಿಗೆ ಎರಡು ಸಾವಿರದ ನಾನೂರು ಡಾಲರು. ಅವರು ಹೇಳಿದಂತೆ ಒಂದೂವರೆ ರೂಪಾಯಿ ಇಳಿದರೂ ಉಳಿಯುವುದು ಮೂರು ಸಾವಿರದ ಆರುನೂರು ರೂಪಾಯಿ. ಅವರು ದಿನಾ ಸಂಜೆ ಚಹಾದಂಗಡಿಯಲ್ಲಿ ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಅಮೆರಿಕದ ಬಡ್ಡಿ, ಎಣ್ಣೆಯ ರೇಟು ಅಂತ ಉಪನ್ಯಾಸ ಕೊಟ್ಟು, ಎಲ್ಲರ ಚಹಾದ ದುಡ್ಡೂ ತಾವೇ ಕೊಟ್ಟು ಬರುತ್ತಿದ್ದರು. ಆ ಮೂರು ಸಾವಿರದ ಆರುನೂರು ಜುಲೈ ಹೊತ್ತಿಗೆ ಚಹಾದಲ್ಲೇ ಕರಗಿಹೋಗಿತ್ತು.

ಜುಲೈ ನಡುವಿಗೆ ಚೌಕದಲ್ಲಿ ಎಂಬತ್ತಾರು. "ಎರಡು ದಿನದಾಗ ನಲವತ್ತು ಪೈಸೆ ಏರೇತಿ" ಎಂದು ಗಾಬರಿಯಾಗಿ ಅವರೇ ನಮ್ಮನ್ನು ಬೆಳಗಾವಿಗೆ ಹೊರಡಿಸಿದರು. ನಮ್ಮೂರಿನ ಶಾಖೆಯಲ್ಲಿ ಡಾಲರಿನ ವ್ಯವಹಾರ ಇಲ್ಲ. ಮೂವರ ಪಾಸ್‌ಪೋರ್ಟು ತಮ್ಮ ಚೀಲದಲ್ಲಿ ಹಾಕಿಕೊಂಡು, ಲೋಕಾಪುರದವರೆಗೂ ಆ ಚೀಲವನ್ನು ಎದೆಗವುಚಿಕೊಂಡೇ ಕೂತಿದ್ದರು. ಬ್ಯಾಂಕಿನವರು ತಮ್ಮನ್ನು ಕಂಡು ಎದ್ದು ನಿಲ್ಲುತ್ತಾರೆ ಎಂಬ ಭಾವ ಅವರ ಮುಖದ ಮೇಲಿತ್ತು.

ಯಾರೂ ಎದ್ದು ನಿಲ್ಲಲಿಲ್ಲ. ಕೌಂಟರಿನ ಹಿಂದೆ ಕನ್ನಡಕದ ಹುಡುಗಿ ಇದ್ದಳು. ಅವಳ ತಲೆಯ ಮೇಲೆ ಆ ದಿನದ ದರಗಳ ಬೋರ್ಡು. ಡಾಲರಿನ ಮುಂದೆ ನಾಲ್ಕು ಅಂಕಿ: ಖಾತೆಯಿಂದ ಖಾತೆಗೆ ಕಳಿಸುವುದಾದರೆ ಬ್ಯಾಂಕು ಕೊಳ್ಳುವುದು ಒಂದು, ಮಾರುವುದು ಒಂದು; ನೋಟಾದರೆ ಕೊಳ್ಳುವುದು ಒಂದು, ಮಾರುವುದು ಒಂದು. ನೋಟು ಮಾರುವ ಸಾಲಿನಲ್ಲಿ ಎಂಬತ್ತೆಂಟು ರೂಪಾಯಿ ನಲವತ್ತು ಪೈಸೆ.

"ಬೋರ್ಡ್ ತಪ್ಪೇತಿ" ಎಂದರು ನಮ್ಮ ಗುಮಾಸ್ತರು, ಡೈರಿ ತೆರೆದು ಅಂದಿನ ಚೌಕದ ಮೇಲೆ ಬೆರಳಿಟ್ಟು. "ನೋಡವಾ, ಎಂಬತ್ತಾರು."

"ಅದು ಬ್ಯಾಂಕ್ ಬ್ಯಾಂಕ್ ತಮ್ಮತಮ್ಮೊಳಗ ಕೋಟಿಗಟ್ಟಲೆ ಕೊಟ್ಟು ತಗೊಳ್ಳೂ ರೇಟ್ ರೀ ಅಜ್ಜಾರ. ನಾವು ನೋಟ ತರಿಸಬೇಕು, ಇಡಬೇಕು, ವಿಮೆ ಕಟ್ಟಬೇಕು. ಅದೆಲ್ಲ ಇದರಾಗ ಬರತೈತ್ರಿ."

ಅಜ್ಜಾ ಎಂದದ್ದು ಅವರಿಗೆ ಎರಡು ರೂಪಾಯಿ ನಲವತ್ತು ಪೈಸೆಗಿಂತ ಹೆಚ್ಚು ನಾಟಿತು. ಮೂರು ತಿಂಗಳು ಅಂಟು ಹಚ್ಚಿ ಅಂಟಿಸಿದ ಒಂದು ಚೌಕವೂ ತಮ್ಮಂಥವರಿಗೆ ಸಂಬಂಧಿಸಿದ್ದಲ್ಲ ಎಂಬುದು ಮಾತ್ರ ನಾಟಲಿಲ್ಲ.

"ಮೇದಾಗ ತಗೋಬೇಕಿತ್ತು. ಎಂಬತ್ನಾಲ್ಕೂವರಿ ಇತ್ತು" ಎಂದು ನಮ್ಮ ಕಡೆ ತಿರುಗಿದರು, ತಡೆದವರು ನಾವೇ ಎನ್ನುವಂತೆ.

"ಮೇದಾಗ ಬಂದಿದ್ರ ನಾವು ಕೊಡತಿದ್ದಿಲ್ರಿ" ಎಂದಳು ಹುಡುಗಿ. "ಹೊರಡೂ ದಿನಕ್ಕ ಅರವತ್ತು ದಿನದೊಳಗಿದ್ರ ಅಷ್ಟ ಕೊಡೂದು. ಟಿಕೆಟ್ ತೋರಸ್ರಿ."

ಟಿಕೆಟ್ಟು ಕಠ್ಮಂಡುವಿಗಿತ್ತು. ಹುಡುಗಿ ತಲೆ ಅಲ್ಲಾಡಿಸಿದಳು. ನೇಪಾಳಕ್ಕೆ ಹೋಗುವವರಿಗೆ ಡಾಲರು ಮಾರುವಂತಿಲ್ಲ, ಅಲ್ಲಿ ನಮ್ಮ ರೂಪಾಯಿಯೇ ನಡೆಯುತ್ತದೆ. ಮುಂದೆ ಟಿಬೆಟ್ಟಿಗೆ ಹೋಗುವುದಕ್ಕೆ ಕಾಗದ ಬೇಕು. ಗುಮಾಸ್ತರು ಚೀಲ ತಡಕಾಡಿದರು. ಅದರಲ್ಲಿ ಡೈರಿ ಇತ್ತು, ಕೆಂಪು ಪೆನ್ನಿತ್ತು, ಕಾಗದ ಇರಲಿಲ್ಲ. ಅಕ್ಕ ತನ್ನ ಕೈಚೀಲದಿಂದ ತಂಡದವರ ಪತ್ರವನ್ನೂ ಟಿಬೆಟ್ಟಿನ ಪರವಾನಗಿಗೆ ಕಳಿಸಿದ ಹೆಸರುಗಳ ಪಟ್ಟಿಯನ್ನೂ ತೆಗೆದು ಕೊಟ್ಟಳು. ಹುಡುಗಿ ಒಳಗೆ ಹೋಗಿ ಮ್ಯಾನೇಜರರಿಗೆ ತೋರಿಸಿ ಬಂದು "ನಡಿತೈತ್ರಿ" ಎಂದಳು.

"ಮೂರೂ ನನ್ನ ಹೆಸರಲೇ ಮಾಡ್ರಿ" ಎಂದರು ಇವರು.

"ಆಗೂದಿಲ್ರಿ. ಅವರವರ ಪಾಸ್‌ಪೋರ್ಟ್, ಅವರವರ ಪಾನ್ ಕಾರ್ಡ್, ಅರ್ಜಿ ಮ್ಯಾಲ ಅವರವರ ಸಹಿ. ಐವತ್ತು ಸಾವಿರದ ಮ್ಯಾಲ ಆದ್ರ ರೊಕ್ಕ ನಗದ ತಗೊಳ್ಳಾಂಗಿಲ್ಲ, ಅವರವರ ಖಾತೇದ ಚೆಕ್ ಬೇಕು."

ಅಕ್ಕ ಗಂಡನ ಸಹಿಯಿಲ್ಲದೆ ರೇಶನ್ ಕಾರ್ಡನ್ನೂ ತಿದ್ದಿಸಿದವಳಲ್ಲ. ಈಗ ಕೌಂಟರಿಗೆ ಇನ್ನಷ್ಟು ಹತ್ತಿರ ಸರಿದಳು.

"ಹಂಗಾದ್ರ ನಂದು ನಾ ತಗೋಬೌದೇನವಾ?"

"ನಿಮ್ಮದು ನೀವ ತಗೋಬೇಕ್ರಿ ಅಮ್ಮಾರ."

"ಏ, ತಡಿ!" ಗುಮಾಸ್ತರು ಅವಳ ಮೊಣಕೈ ಹಿಡಿದರು. "ಶ್ರಾವಣಕ್ಕ ಇಳಿತೈತಿ. ಮ್ಯಾಲ ಹದಿನೆಂಟು ಪರ್ಸೆಂಟ್ ಟ್ಯಾಕ್ಸ್ ಬ್ಯಾರೆ ಐತಿ, ಅಲ್ಲಿ ಬರದಾರ ನೋಡು. ಎಪ್ಪತ್ತು ಸಾವಿರಕ್ಕ ಹನ್ನೆರಡು ಸಾವಿರದ ಮ್ಯಾಲಾತು! ಹುಚ್ಚ ಹಿಡದೈತೇನ ನಿನಗ?"

ಹುಡುಗಿಗೆ ನಗು ತಡೆಯಲಾಗಲಿಲ್ಲ. ಬದಲಿಸುವ ಮೊತ್ತದಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಸೇವೆಯ ಬೆಲೆ ಎಂದು ಹಿಡಿದು, ಆ ಒಂದಕ್ಕೆ ಹದಿನೆಂಟು ಪರ್ಸೆಂಟು ತೆರಿಗೆ ಹಾಕುತ್ತಾರೆ. ಎಪ್ಪತ್ತು ಸಾವಿರದ ಏಳುನೂರಾ ಇಪ್ಪತ್ತಕ್ಕೆ ಅದು ನೂರಾ ಇಪ್ಪತ್ತೇಳು ರೂಪಾಯಿ ಚಿಲ್ಲರೆ. ಮೂವತ್ತೆರಡು ವರ್ಷ ಲೆಕ್ಕ ಬರೆದ ಮನುಷ್ಯ ನೂರಾ ಇಪ್ಪತ್ತೇಳನ್ನು ಹನ್ನೆರಡು ಸಾವಿರ ಮಾಡಿ ಕೂಗಿದ್ದನ್ನು ಸಾಲಿನಲ್ಲಿ ನಿಂತ ಎಲ್ಲರೂ ಕೇಳಿದರು.

ಅಕ್ಕ ಮೊಣಕೈ ಬಿಡಿಸಿಕೊಂಡು ತನ್ನ ಕುಚ್ಚಿನ ದುಡ್ಡಿನ ಖಾತೆಯ ಚೆಕ್ಕಿಗೆ ಸಹಿ ಮಾಡಿದಳು. ಕುಚ್ಚು ಕಟ್ಟಿ ಗಂಟು ಹಾಕುವಷ್ಟೇ ನಿಧಾನವಾಗಿ, ಒಂದೊಂದೇ ಅಕ್ಷರ. ನಾನೂ ನನ್ನದನ್ನು ಕೊಂಡೆ. ಗುಮಾಸ್ತರು ಬೆಂಚಿನ ಮೇಲೆ ಕೂತು ಡೈರಿಯಲ್ಲಿ ಏನೋ ಬರೆದುಕೊಂಡರು. ಬಸ್ಸು ಯರಗಟ್ಟಿ ದಾಟಿತು. ಆಮೇಲೆ ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆ ತಿರುಗಿ, "ಟೀಚರ, ನೀವಿಬ್ರೂ ಸಾವಿರಾರು ರೂಪಾಯಿ ಲುಕ್ಸಾನ ಮಾಡಿಕೊಂಡ್ರಿ. ನೋಡಕೋಂತ ಇರ್ರಿ" ಎಂದರು.

"ನೋಡತೇವ ರೀ ಮಾಮಾ" ಎಂದೆ.

ಶ್ರಾವಣ ಬಂತು. ಚೌಕದಲ್ಲಿ ಎಂಬತ್ತೇಳು ದಾಟಿತು, ಎಂಬತ್ತೇಳೂವರೆ ದಾಟಿತು. ಪ್ರತಿ ಏರಿಕೆಗೂ ಅವರ ಬಳಿ ಒಂದು ಕಾರಣ, ಮರುದಿನ ಇಳಿಯುತ್ತದೆ ಎಂಬುದಕ್ಕೆ ಎರಡು. ಆಗಸ್ಟಿನ ಕಡೇ ವಾರ, ಹೊರಡಲು ಎಂಟು ದಿನ ಇರುವಾಗ, ಒಬ್ಬರೇ ಬೆಳಗಾವಿಗೆ ಹೋಗಿ ತೊಂಬತ್ತು ರೂಪಾಯಿ ಅರವತ್ತು ಪೈಸೆಯಂತೆ ಎಂಟುನೂರು ಡಾಲರು ಕೊಂಡು ಬಂದರು. ನಮಗಿಂತ ಒಂದು ಸಾವಿರದ ಏಳುನೂರಾ ಅರವತ್ತು ರೂಪಾಯಿ ಜಾಸ್ತಿ. ಮೊತ್ತ ದೊಡ್ಡದಲ್ಲ, ಅವರೇ ಅದನ್ನು ದೊಡ್ಡದು ಮಾಡಿಕೊಂಡರು. ರಸೀದಿಯನ್ನು ಯಾರಿಗೂ ತೋರಿಸಲಿಲ್ಲ. ಅಂಗಿ ಒಗೆಯುವಾಗ ಜೇಬಿನಲ್ಲಿ ಅಕ್ಕನಿಗೆ ಸಿಕ್ಕಿತು.

ಕೈಲಾಸದ ಬುಡದ ಊರಿನಲ್ಲಿ, ಉಣ್ಣೆ ಟೋಪಿಯೊಳಗೂ ಕಿವಿ ಮರಗಟ್ಟುವ ಚಳಿಯಲ್ಲಿ, ತಂಡದ ಮಾರ್ಗದರ್ಶಿ ಕುದುರೆಯ ದರ ಹೇಳಿದ. ಕುದುರೆ, ಅದನ್ನು ನಡೆಸುವವ, ಚೀಲ ಹೊರುವವ, ಎಲ್ಲಾ ಸೇರಿ ಐನೂರು ಡಾಲರಿನ ಆಸುಪಾಸು. ಅಕ್ಕ ಚೀನಾದ ದುಡ್ಡಿಗೆ ಬದಲಿಸಲೆಂದು ಅವನಿಗೆ ನೂರರ ಐದು ನೋಟು ಎಣಿಸಿ ಕೊಟ್ಟಳು, ನಾನೂ ಕೊಟ್ಟೆ. ಅವಳ ಗಂಡ ಕೈಗವಸು ಕಳಚಿ, ಡೈರಿ ತೆಗೆದು, ಐನೂರನ್ನು ತೊಂಬತ್ತು ಅರವತ್ತರಿಂದ ಗುಣಿಸಿದರು.

"ನಲವತ್ತೈದು ಸಾವಿರದ ಮುನ್ನೂರ. ಒಂದು ಕುದರಿಗೆ! ಹುನ್ನೂರಾಗ ಇಷ್ಟಕ್ಕ ಆಕಳ ಬರತೈತಿ."

"ಆಕಳ ಮ್ಯಾಲ ಕುಂತ ಪರಿಕ್ರಮಾ ಮಾಡಾಕ ಬರೂದಿಲ್ರಿ" ಎಂದಳು ಅಕ್ಕ.

"ನಾ ನಡೀತೇನಿ."

ನಡೆದರು. ಯಮದ್ವಾರ ಎಂದು ಕರೆಯುವ ಸಣ್ಣ ಕಲ್ಲುಗುಡಿಯನ್ನು ದಾಟಿ ಅರ್ಧ ಗಂಟೆಯಲ್ಲಿ ಬಂಡೆಗೊರಗಿ ಕೂತರು, ತುಟಿ ನೀಲಿಗಟ್ಟಿತ್ತು. ಮಾರ್ಗದರ್ಶಿ ನಡಿಗೆ ಇಲ್ಲಿಗೇ ಸಾಕು ಎಂದು ಕೆಳಗಿಳಿಸಲು ಎಬ್ಬಿಸಿದ. ಆಗಲೂ ಒಂದು ಕುದುರೆ ಖಾಲಿ ನಿಂತಿತ್ತು, ಎಂಟುನೂರು ಡಾಲರು ಅವರ ಬನಿಯನ್ನಿನ ಕಿಸೆಯಲ್ಲಿದ್ದವು. ಅಕ್ಕ ಕುದುರೆಯ ಮೇಲಿಂದ ಕೇಳಿದಳು:

"ರೀ, ಕುದರಿ ಹಿಡೀತೀರೇನು? ಈಗೂ ಆಗತೈತಿ."

ಅವರು ತಲೆ ಅಲ್ಲಾಡಿಸಿ, ಇಲ್ಲಿಂದಲೇ ದರ್ಶನ ಆತು ಎಂಬಂತೆ ಪರ್ವತಕ್ಕೆ ಕೈಮುಗಿದರು. ಅಕ್ಕ ಮತ್ತೊಮ್ಮೆ ಕೇಳಲಿಲ್ಲ.

ನಾವು ಸುತ್ತಿ ಬಂದೆವು. ಎತ್ತರದ ಘಟ್ಟ ದಾಟಿದ ಮೇಲಿನ ಇಳಿಜಾರಿನಲ್ಲಿ ಕುದುರೆಯ ಮೇಲೆ ಕೂರುವಂತಿಲ್ಲ, ಎಲ್ಲರೂ ಇಳಿದು ನಡೆಯಬೇಕು. ಅಲ್ಲಿ ಅಕ್ಕ ನನ್ನ ಹೆಗಲು ಹಿಡಿದು, ಕುಂಟುತ್ತ, ಪಂಚಾಕ್ಷರಿ ಹೇಳುತ್ತ ಕಲ್ಲಿನಿಂದ ಕಲ್ಲಿಗೆ ಇಳಿದಳು. ಮೂರನೆಯ ದಿನ ವಾಪಸು ಬಂದಾಗ ಗುಮಾಸ್ತರು ವಸತಿಗೃಹದ ಒಲೆಯ ಮುಂದೆ ಕೂತು ತಂಡದ ಅಡುಗೆಯವನಿಗೆ ರೂಪಾಯಿ ಯಾಕೆ ಕುಸಿಯುತ್ತದೆ ಎಂದು ತಿಳಿಸಿಕೊಡುತ್ತಿದ್ದರು.

ಡಿಸೆಂಬರಿನಲ್ಲಿ ಚೌಕದಲ್ಲಿ ತೊಂಬತ್ತು ಬಂತು. ಎಂಟುನೂರು ಡಾಲರು ಅಕ್ಕನ ಮನೆಯ ಕಪಾಟಿನಲ್ಲಿ ಹಾಗೇ ಇದ್ದವು. ಅಷ್ಟನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕಾಯದೆಯ ಅಡ್ಡಿ ಇಲ್ಲ. ಚಹಾದಂಗಡಿಯಲ್ಲಿ ಅವರು ದೊಡ್ಡ ಮನುಷ್ಯರಾದರು. ನಾನು ಕೈಚೀಲ ಹಿಡಿದು ಆ ದಾರಿಯಲ್ಲಿ ಹೋಗುವಾಗ ಕರೆದು, "ಟೀಚರ, ಏರಾಕತ್ತೇತಿ ನೋಡ್ರಿ. ನೀವು ಖರ್ಚ ಮಾಡಿ ಕುಂತ್ರಿ, ನಾ ಹಿಡದಿಟ್ಟೆ" ಎಂದರು. ಸುತ್ತಲಿದ್ದವರು ಮೆಚ್ಚಿ ತಲೆದೂಗಿದರು.

ಕೊಂಡದ್ದು ತೊಂಬತ್ತು ಅರವತ್ತಕ್ಕೆ. ಪೇಪರಿನಲ್ಲಿ ತೊಂಬತ್ತು. ಮಾರಲು ಹೋದರೆ ಬ್ಯಾಂಕು ಬೋರ್ಡಿನ ಇನ್ನೊಂದು ಸಾಲು ತೋರಿಸುತ್ತದೆ, ನೋಟು ಕೊಳ್ಳುವ ಸಾಲು. ಅದು ಪೇಪರಿಗಿಂತ ಎರಡು ಮೂರು ರೂಪಾಯಿ ಕಡಿಮೆ. ಇದನ್ನು ಅವರಿಗೆ ಹೇಳಬಹುದಿತ್ತು. ನಾಲ್ಕನೇ ಇಯತ್ತೆಯ ಮಕ್ಕಳಿಗೆ ಎಂಟು ಸಲ ಹೇಳುವ ತಾಳ್ಮೆ ನನಗಿದೆ. ಇವರಿಗೆ ಒಂದು ಸಲ ಹೇಳಲೂ ಮನಸ್ಸಾಗಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಕುಚ್ಚಿನ ದಾರವನ್ನು ಹಲ್ಲಿನಿಂದ ಕಡಿದು, "ಇರಲಿ ಬಿಡ" ಎಂದಳು. "ಅವರು ಕೈಲಾಸದಿಂದ ತಂದದ್ದು ಅದೊಂದ ಐತಿ."