ಎರಡು ಆರ್‌ಸಿ, ಏಳು ಸ್ಕ್ರೀನ್‌ಶಾಟ್

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇದೆ. ಒಂದು ಹಳೇ ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ. ಬಾಯಿ ಜೋರು ಅಂತ ಬೀದಿಯಲ್ಲಿ ನನಗೆ ಹೆಸರಿದೆ. ಜೋರೇ. ವೆಬ್‌ಸೈಟುಗಳ ಜೊತೆ ದಿನವಿಡೀ ಗುದ್ದಾಡುವವಳು ಮೆತ್ತಗಿರಲಿಕ್ಕೆ ಆಗುತ್ತದೆಯೇ?

ಆ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಭೀಮನಬೀಡಿನ ಹೆಣ್ಣುಮಗಳೊಬ್ಬಳು ಮೆಟ್ಟಿಲ ಮೇಲೆ ಕೂತಿದ್ದಳು. ಅವರ ಊರಿನ ಅಂಗನವಾಡಿ ಕಾರ್ಯಕರ್ತೆ ಹುದ್ದೆಗೆ ತಿಂಗಳ ಹಿಂದೆ ನಾನೇ ಅವಳ ಅರ್ಜಿ ತುಂಬಿದ್ದೆ. ಈಗ ಫೋನಿಗೆ ಸಂದೇಶ ಬಂದಿತ್ತು: ವಾಸಸ್ಥಳ ದೃಢೀಕರಣ ಪತ್ರ ಇಲ್ಲ, ಅರ್ಜಿ ತಿರಸ್ಕೃತ. ಆಕ್ಷೇಪಣೆ ಇದ್ದರೆ ಅರ್ಜಿಯ ಅಷ್ಟೂ ಪುಟಗಳ ಸ್ಕ್ರೀನ್‌ಶಾಟ್ ಜೋಡಿಸಿ, ಸಹಿ ಮಾಡಿ, ಅದೇ ದಿನ ಸಂಜೆ ಐದರೊಳಗೆ ಚಾಮರಾಜನಗರದ ಕಚೇರಿಗೆ ಕೊಡಬೇಕು.

"ಇದೇ ಕೊನೆ ಕಣಕ್ಕ. ಮುಂದಿನ್ ತಿಂಗ್ಳು ನಂಗೆ ವಯಸ್ಸು ಮೀರೋಯ್ತದೆ" ಅಂದಳು.

"ನಾನೇ ಅಪ್‌ಲೋಡ್ ಮಾಡಿದೀನಿ ಕಣಮ್ಮಿ. ಇಲ್ಲ ಅನ್ನಕ್ಕೆ ಅವ್ರಿಗೇನು ಕಣ್ಣು ಕಾಣಲ್ವಾ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ.

ಆ ವೆಬ್‌ಸೈಟಿಗೆ ಒಳಗೆ ಹೋಗಬೇಕಾದರೆ ಅವಳ ಫೋನಿಗೆ ಓಟಿಪಿ ಬರಬೇಕು. ದಿನಕ್ಕೆ ಮೂರೇ ಸಲ. ಎರಡು ನಿಮಿಷ ಸುಮ್ಮನೆ ಬಿಟ್ಟರೆ ಅದು ನಮ್ಮನ್ನು ಹೊರಗೆ ಹಾಕುತ್ತಿತ್ತು. ಮೊದಲ ಸಲ ಒಂದು ಪುಟದ ಸ್ಕ್ರೀನ್‌ಶಾಟ್ ತೆಗೆದು, ವರ್ಡ್ ತೆರೆದು ಅಂಟಿಸಿ ಬರುವಷ್ಟರಲ್ಲಿ ಹೊರಗೆ ಬಿದ್ದಿದ್ದೆವು. ನನ್ನ ಕಂಪ್ಯೂಟರಿನಲ್ಲಿ ವರ್ಡ್ ತೆರೆಯುವುದೆಂದರೆ ಒಂದು ಟೀ ಕುಡಿಯುವಷ್ಟು ಹೊತ್ತು. ಎರಡನೇ ಸಲ ಜಾಣತನ ಮಾಡಿದೆ. ಏಳೂ ಪುಟಗಳಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತುತ್ತಾ ಹೋಗಿ, ಕೊನೆಗೆ ವರ್ಡಿಗೆ ಬಂದು ಕಂಟ್ರೋಲ್ ವಿ ಒತ್ತಿದರೆ ಬಿದ್ದದ್ದು ಏಳನೆಯದು ಒಂದೇ. ಮತ್ತೆ ಒತ್ತಿದೆ, ಮತ್ತೆ ಅದೇ. ಉಳಿದ ಆರೂ ನೀರಿನಲ್ಲಿ ಹೋಮ, ಅಷ್ಟರಲ್ಲಿ ವೆಬ್‌ಸೈಟೂ ಹೊರಗೆ ಹಾಕಿತ್ತು.

ಪಕ್ಕದ ಫ್ಲೆಕ್ಸ್ ಅಂಗಡಿಯ ಭಾಯ್ ನನ್ನ ಬೈಗುಳ ಕೇಳಿ ಒಳಗೆ ಬಂದರು.

"ಅಕ್ಕ, ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಿಲ್ವಾ? ಕಂಟ್ರೋಲ್ ಬಿಡಿ, ವಿಂಡೋಸ್ ಕೀ ಹಿಡ್ಕೊಂಡು ವಿ ಒತ್ತಿ."

ಒತ್ತಿದೆ. ಒಂದು ಪುಟ್ಟ ಪೆಟ್ಟಿಗೆ ತೆರೆದುಕೊಂಡು, ಆನ್ ಮಾಡಲೇ ಅಂತ ಕೇಳಿತು. ಆನ್ ಮಾಡಿದೆ.

"ಹಿಂದೆ ತೆಗೆದಿದ್ದು ವಾಪಸ್ ಬರಲ್ಲ, ಇನ್ಮೇಲೆ ತೆಗೆಯೋದು ಮಾತ್ರ ನಿಲ್ಲತ್ತೆ. ಇಪ್ಪತ್ತೈದರ ತನಕ ಇಟ್ಕೊಳತ್ತೆ. ಆದ್ರೆ ಮಧ್ಯೆ ಕಂಪ್ಯೂಟರ್ ಆಫ್ ಆಗ್ಬಾರ್ದು. ಪಿನ್ ಮಾಡಿದ್ದು ಬಿಟ್ಟು ಬೇರೆಲ್ಲ ಹೋಗ್ಬಿಡತ್ತೆ" ಅಂದರು. ಹತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ, ಇದು ಗೊತ್ತಿರಲಿಲ್ಲ. ಸ್ಕ್ರೀನ್‌ಶಾಟನ್ನು ಒತ್ತಿದ ಹಾಗೇ ಫೈಲ್ ಮಾಡಿ ಉಳಿಸುವ ದಾರಿಯೂ ಇದೆಯೆಂದು ಆಮೇಲೆ ಯಾರೋ ಹೇಳಿದರು. ಅವತ್ತು ಹೇಳುವವರು ಇರಲಿಲ್ಲ.

ವರ್ಡ್ ಮೊದಲೇ ತೆರೆದಿಟ್ಟುಕೊಂಡು ಮೂರನೇ ಓಟಿಪಿ ಹಾಕಿದೆ. ಒಂದೊಂದು ಪುಟ ಬಂದ ಹಾಗೆಲ್ಲ ಪ್ರಿಂಟ್ ಸ್ಕ್ರೀನ್. ಏಳು ಮುಗಿಯಿತು. ವಿಂಡೋಸ್ ವಿ ಒತ್ತಿದರೆ ಏಳೂ ಸಾಲಾಗಿ ಕೂತಿದ್ದವು, ಹೊಸದು ಮೇಲೆ, ಹಳೆಯದು ಕೆಳಗೆ. ಅಂಗಡಿ ಇಡುವ ಮುಂಚೆ ಸರ್ಕಾರಿ ಕಚೇರಿಯಲ್ಲಿ ಗುತ್ತಿಗೆ ಮೇಲೆ ಟೈಪಿಂಗ್ ಮಾಡಿದವಳು ನಾನು. ಕಡತದಲ್ಲಿ ಹೊಸ ಪತ್ರ ಯಾವಾಗಲೂ ಮೇಲೆ ಕೂರುತ್ತದೆ, ಕಥೆ ಗೊತ್ತಾಗಬೇಕಾದರೆ ಅಡಿಯಿಂದ ಓದಬೇಕು. ಹಾಗಾಗಿ ನೇರ ಅಡಿಗೆ ಹೋಗಿ ಮೊದಲನೆಯದನ್ನು ಒತ್ತಿದೆ. ವರ್ಡಿಗೆ ಬಿತ್ತು, ಪೆಟ್ಟಿಗೆ ಮುಚ್ಚಿಕೊಂಡಿತು. ಮತ್ತೆ ವಿಂಡೋಸ್ ವಿ, ಎರಡನೆಯದು. ಮತ್ತೆ, ಮೂರನೆಯದು. ಅವಳು ಪಕ್ಕದ ಕುರ್ಚಿಯಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಿದ್ದಳು.

ನಾಲ್ಕನೆಯದು ಬಿದ್ದಾಗ ನನ್ನ ಕೈ ನಿಂತಿತು. ಪೆಟ್ಟಿಗೆಯಲ್ಲಿ ಅಂಚೆಚೀಟಿಯಷ್ಟಿದ್ದ ಚಿತ್ರ ವರ್ಡಿನಲ್ಲಿ ಹಾಳೆ ತುಂಬ ಬಂತು. ಅದು ದಾಖಲೆ ಅಪ್‌ಲೋಡ್ ಮಾಡಿದ ಪುಟ. ಪಡಿತರ ಚೀಟಿಯ ಮುಂದೆ ಫೈಲಿನ ಹೆಸರು ಆರ್‌ಸಿ ಒಂದು. ವಾಸಸ್ಥಳ ಪತ್ರದ ಮುಂದೆಯೂ ಆರ್‌ಸಿ ಒಂದು.

ನಮ್ಮ ಅಂಗಡಿಗಳಲ್ಲಿ ಫೈಲಿಗೆ ಉದ್ದ ಹೆಸರು ಯಾರಿಡುತ್ತಾರೆ? ರೇಷನ್ ಕಾರ್ಡೂ ಆರ್‌ಸಿ, ರೆಸಿಡೆನ್ಸ್ ಸರ್ಟಿಫಿಕೇಟೂ ಆರ್‌ಸಿ. ಸ್ಕ್ಯಾನ್ ಮಾಡಿ ಒಂದು, ಎರಡು ಅಂತ ಹಾಕಿಬಿಡುತ್ತೇನೆ. ಎರಡೂ ಕಡೆ ಒಂದನೆಯದನ್ನೇ ಏರಿಸಿದ್ದೆ. ಬೆಳಿಗ್ಗೆಯಿಂದ ಊರಿಗೆಲ್ಲ ಕೇಳುವಂತೆ ಯಾರಿಗೆ ಬೈದಿದ್ದೆನೋ, ಆ ಕಣ್ಣು ಕಾಣದವಳು ನಾನೇ.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಕಂಟ್ರೋಲ್ ಝಡ್ ಒತ್ತಿ ಆ ಚಿತ್ರವನ್ನು ವರ್ಡಿನಿಂದ ತೆಗೆದೆ. ವಿಂಡೋಸ್ ವಿ ಒತ್ತಿ, ಪೆಟ್ಟಿಗೆಯಲ್ಲಿ ಅದರ ಮೂಲೆಯ ಮೂರು ಚುಕ್ಕಿಯ ಮೇಲೆ ಮೌಸ್ ಇಟ್ಟು ಒತ್ತಿದೆ. ಡಿಲೀಟ್ ಅಂತ ಬಂತು, ಒತ್ತುವುದೊಂದೇ ಬಾಕಿ. ಆರೇ ಪುಟ ಕಳಿಸಿದರೆ ತಪ್ಪು ಯಾರದೆಂದು ಯಾರಿಗೆ ತಿಳಿಯುತ್ತದೆ ಅನ್ನಿಸಿತ್ತು. ನನ್ನನ್ನು ತಡೆದದ್ದು ಧರ್ಮಬುದ್ಧಿಯೇನಲ್ಲ. ಪ್ರತಿ ಪುಟದ ತಲೆಯ ಮೇಲೂ ಸಂಖ್ಯೆ ಇತ್ತು, ಏಳರಲ್ಲಿ ಒಂದು, ಏಳರಲ್ಲಿ ಎರಡು ಅಂತ. ನಾಲ್ಕು ಇಲ್ಲದಿದ್ದರೆ ಮೊದಲು ಅದನ್ನೇ ಹುಡುಕುತ್ತಾರೆ. ಸಿಕ್ಕಿಬೀಳುವ ಭಯಕ್ಕೆ ಕೈ ಹಿಂದೆ ಬಂತು. ಅದೇ ಚಿತ್ರವನ್ನು ಮತ್ತೆ ಅಂಟಿಸಿ, ಉಳಿದ ಮೂರನ್ನೂ ಅಂಟಿಸಿದೆ.

ಆಮೇಲೆ ಅವಳ ಕಡೆ ತಿರುಗಿ, "ತಪ್ಪು ನಂದೇ ಕಣವ್ವ. ರೇಷನ್ ಕಾರ್ಡನ್ನೇ ಎರಡು ಸಲ ಹಾಕ್‌ಬುಟ್ಟಿದೀನಿ" ಅಂದೆ.

ಅವಳು ಪರದೆಯನ್ನೇ ನೋಡುತ್ತಿದ್ದಳು. "ಈಗೇನ್ ಮಾಡದಕ್ಕ?" ಅಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಅರ್ಜಿ ತುಂಬಿದ ನನ್ನ ಕೈತಪ್ಪಿನಿಂದ ಹೀಗಾಗಿದೆ ಅಂತ ಒಂದು ಪತ್ರ ಟೈಪ್ ಮಾಡಿ, ನನ್ನ ಹೆಸರಲ್ಲೇ ಸಹಿ ಹಾಕಿದೆ. ಏಳು ಪುಟ, ಪತ್ರ, ಅಸಲಿ ವಾಸಸ್ಥಳ ಪತ್ರ ಹಿಡಿದು, ಅಂಗಡಿಗೆ ಬೀಗ ಹಾಕಿ ನಾನೂ ಅವಳ ಜೊತೆ ಚಾಮರಾಜನಗರದ ಬಸ್ಸು ಹತ್ತಿದೆ.

ಕಚೇರಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು. ವಾಸಸ್ಥಳ ಪತ್ರದ ತಾರೀಖನ್ನು ಎರಡು ಸಲ ನೋಡಿದರು. ಅರ್ಜಿ ಹಾಕುವ ಕೊನೇ ದಿನಕ್ಕಿಂತ ಮುಂಚಿನದೇ.

"ಪತ್ರ ಸರಿಯಾಗಿದೆ ಕಣಮ್ಮ. ಆದ್ರೆ ಅರ್ಜಿ ಗಡುವು ಮುಗಿದ್ಮೇಲೆ ಹೊಸ ದಾಖಲೆ ತಗೊಳಂಗಿಲ್ಲ. ಯಾರು ತುಂಬಿದ್ರೂ ಜವಾಬ್ದಾರಿ ಅಭ್ಯರ್ಥಿದೇ. ನಿಮ್ಮ ಆಕ್ಷೇಪಣೆ ಮೇಲಿನವ್ರ ಮುಂದೆ ಇಡ್ತೀನಿ, ಆಸೆ ಇಟ್ಕೋಬೇಡಿ" ಅಂದು ಮೊಹರು ಒತ್ತಿ ಒಂದು ಪ್ರತಿ ವಾಪಸ್ ಕೊಟ್ಟರು. ಅವರು ಹೇಳಿದ ಹಾಗೇ ಆಯಿತು. ಮುಂದೆ ಬಂದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಬಸ್ಸು ತೆರಕಣಾಂಬಿ ದಾಟಿತು.

"ಅಕ್ಕ, ಆ ನಾಕ್ನೇ ಪಟ ಅಳ್ಸಾಕಕ್ಕೆ ಓಗಿದ್ರಿ ಅಲ್ವಾ?" ಅಂದಳು. "ನಾನ್ ನೋಡ್ದೆ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ" ಅಂದೆ.

ಅವಳು ನನ್ನ ಕಡೆ ತಿರುಗಲಿಲ್ಲ.

"ಅಳ್ಸ್‌ಬುಡ್ಲಿ ಅಂತ ನಾನೂ ಸುಮ್ಕೆ ಕೂತಿದ್ದೆ ಕಣಕ್ಕ."