ಅಂಜಲಿಯ ನಾಲ್ಕನೆಯ ಅಧ್ಯಾಯ

ಬುಕ್ಕಸಾಗರದ ಎರ್ರೆಮ್ಮ ಗದ್ದೆಯ ಧಣಿ ಏನಂದರೂ ‘ಹೂಂ ರೀ’ ಎನ್ನುವವಳು. ಹೊತ್ತು ಮುಳುಗಿದ ಮೇಲೂ ನಾಟಿ ಮಾಡೆಂದರೆ ಹೂಂ, ಮೈಸುಡುವ ಜ್ವರದಲ್ಲೂ ಬಾ ಎಂದರೆ ಹೂಂ. ಮಗಳ ಬಾಯಲ್ಲಿ ಆ ಮಾತು ಬರಬಾರದೆಂದೇ ಅಂಜಲಿಯನ್ನು ಓದಿಸಿದಳು. ಹಂಪಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಮಗಳು ಹಿಡಿದದ್ದಾದರೂ ಎಂಥ ವಿಷಯ! ಹಿಂದಿಯ ಕ್ರಿಯಾಪದಗಳು.

‘ರಾಮ್ ನೆ ರೋಟಿ ಖಾನೀ ಚಾಹೀ’ ಎಂದರೆ ರಾಮ ರೊಟ್ಟಿ ತಿನ್ನಲು ಬಯಸಿದ ಎಂದು. ಹಿಂದಿಯಲ್ಲಿ ರೋಟಿ ಸ್ತ್ರೀಲಿಂಗ. ಅದು ಒಳಗಿನ ‘ತಿನ್ನು’ ಕ್ರಿಯೆಯ ಕರ್ಮ. ಆದರೂ ಹೊರಗಿನ ‘ಬಯಸು’ ಕ್ರಿಯೆಯಾದ ‘ಚಾಹೀ’ ಅದರ ಲಿಂಗವನ್ನೇ ತಾಳುತ್ತದೆ. ರೋಟಿಗೆ ವಿಭಕ್ತಿ ಸಿಗುವುದೂ ಹೊರಗಿನಿಂದಲೇ, ಅದಕ್ಕಾಗಿ ಅದು ಹೊರಗಿನ ಕ್ರಿಯೆಯತ್ತ ಸರಿಯುತ್ತದೆ ಎಂದು ಕೆಲವರ ವಾದ. ವಿಭಕ್ತಿಯನ್ನು ಒಳಗಿನ ಕ್ರಿಯೆಯೇ ಕೊಟ್ಟಿರುತ್ತದೆ, ರೋಟಿ ಕದಲುವುದಿಲ್ಲ, ಹೊರಗಿನದು ಲಿಂಗವನ್ನಷ್ಟೇ ಪಡೆಯುತ್ತದೆ ಎಂದು ಇನ್ನು ಕೆಲವರು. ಆದರೆ ಹೊರಗೆ ‘ಚಾಹೀ’ ಬಂದರೆ ಒಳಗೂ ಸ್ತ್ರೀಲಿಂಗದ ‘ಖಾನೀ’ ಬರಲೇಬೇಕೆಂಬುದಕ್ಕೆ ಇಬ್ಬರದೂ ತಕರಾರಿಲ್ಲ.

ಉತ್ತರಪ್ರದೇಶದಿಂದ ಬಂದು ಸಂಡೂರಿನ ಗಣಿಯಲ್ಲಿ ದುಡಿಯುವ ಬಲೀರಾಮ್, ಅವಳು ಕೇಳಿದಾಗ, ಒಳಗೆ ಪುಲ್ಲಿಂಗದ ‘ಖಾನಾ’ ಇಟ್ಟು ‘ಖಾನಾ ಚಾಹೀ’ ಎಂದರೂ ಸರಿ ಎಂದಿದ್ದ. ಅಂಜಲಿ ಕುಣಿದಾಡಿದ್ದಳು. ಎರಡು ಕ್ರಿಯೆಗಳೂ ತಮ್ಮ ತಮ್ಮ ಪಾಡಿಗೆ ಲಿಂಗ ತಾಳುತ್ತವೆ ಎಂಬ ಅವಳ ನಾಲ್ಕನೆಯ ಅಧ್ಯಾಯ ನಿಂತದ್ದೇ ಆ ಒಂದು ‘ಹೌದಿ’ನ ಮೇಲೆ.

ಪ್ರಬಂಧ ಒಪ್ಪಿಸುವ ಮುನ್ನ ನಡೆದ ಸಂವಾದದಲ್ಲಿ ಹಿರಿಯರೊಬ್ಬರು, ‘ಅವನನ್ನು ಪರೀಕ್ಷಿಸಲು ನಡುವೆ ಬೇಕಂತಲೇ ತಪ್ಪು ವಾಕ್ಯಗಳನ್ನೂ ಕೇಳಿದ್ದಿರಾ?’ ಎಂದರು. ಕೇಳಿರಲಿಲ್ಲ. ಮರುದಿನವೇ ಸಂಡೂರಿನ ಬಸ್ಸು ಹತ್ತಿದಳು.

ಶೆಡ್ಡಿನಲ್ಲಿ ಬಲೀರಾಮ್ ಕೆಮ್ಮುತ್ತ ಕೂತಿದ್ದ. ಅವಳು ಒಂದೊಂದೇ ವಾಕ್ಯ ಹೇಳಿದಳು, ಎಲ್ಲಕ್ಕೂ ಹೌದೆಂದ. ಕೊನೆಗೆ ಪದಗಳನ್ನೆಲ್ಲ ಕಲಸಿ, ತಲೆಬುಡವಿಲ್ಲದ ಒಂದನ್ನು ಹೇಳಿದಳು. ಅದಕ್ಕೂ ಹೌದು. ಅವಳು ಪೆನ್ನು ಕೆಳಗಿಟ್ಟಳು.

‘ಹಿಂಗ್ ಯಾರರ ಮಾತಾಡ್ತಾರೇನ್ರಿ?’

‘ಇಲ್ರಿ ಮೇಡಂ,’ ಎಂದ, ಇಲ್ಲಿ ಕಲಿತ ಕನ್ನಡದಲ್ಲಿ. ‘ಮೇಡಂ ಏನ್ ಕೇಳಿದ್ರೂ ಹೌದು ಅನ್ನು ಅಂತ ಸೂಪರ್‌ವೈಜರ್ ಹೇಳ್ಯಾರ. ನಿಮಗ ಯಾವುದು ಬೇಕಿತ್ರಿ? ಅದನ್ನ ಹೇಳ್ತೀನಿ.’

ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು. ಎರ್ರೆಮ್ಮನ ಹೊಟ್ಟೆಯಲ್ಲಿ ಹುಟ್ಟಿಯೂ ಈ ‘ಹೌದು’ ಅವಳಿಗೆ ಗುರುತು ಸಿಗದೆ ಹೋಗಿತ್ತು!

ಹಂಪಿಗೆ ಮರಳಿ ಮಾರ್ಗದರ್ಶಕ ಕೊಟ್ರಯ್ಯನವರಿಗೆ ಎಲ್ಲವನ್ನೂ ಹೇಳಿದಳು. ‘ಆ ಅಧ್ಯಾಯ ತಗೀತೀನ್ರಿ ಸರ್.’

‘ಹುಚ್ಚೇನ್ ನಿನಗ? ಅದು ಹೋದ್ರ ಪ್ರಬಂಧದಾಗ ಉಳಿಯೋದೇನು? ಸಂಡೂರಿಗೆ ಹೋಗಿ ಅವನ್ನ ಯಾರ್ ಕೇಳ್ತಾರ? ನನ್ನ ಹೆಸರೂ ಐತಿ ಅದರಾಗ. ಸುಮ್ನ ಕೊಟ್ಟುಬಿಡು.’

ಆಗಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವರು ಕನ್ನಡಕದ ಮೇಲಿಂದ ನೋಡುತ್ತ ಕಾದರು.

‘ಹೂಂ ರೀ ಸರ್,’ ಎಂದಳು ಅಂಜಲಿ.